ಬಿದ್ರಿ ಸುರಾಹಿಯ ಬೆಳ್ಳಿಗೆರೆ ಉಳಿಸಿದ್ದು ಹೇಗೆ: ಒಂದು ಅಮೆರಿಕನ್ ಟೇಪಿನ ಇನ್ವರ್ಸ್ ಟೆಲಿಸಿನಿ

ಬೀದರಿನ ಒಂದು ಬಿದ್ರಿ ಕೆಲಸಗಾರರ ಮನೆಯಲ್ಲಿ ವಿಎಚ್‌ಎಸ್ ಟೇಪ್ ಒಂದಿತ್ತು. 1990ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿದ್ದ ಅವರ ಸಂಬಂಧಿಕರು ಅಲ್ಲಿನ ಟಿವಿಯಿಂದ ರೆಕಾರ್ಡ್ ಮಾಡಿ ಕಳಿಸಿದ್ದು. ಅರ್ಧ ಗಂಟೆಯ ಕಾರ್ಯಕ್ರಮ. ಅದರಲ್ಲಿ 11 ನಿಮಿಷ ಬೀದರಿನದ್ದು, 16 ಎಂಎಂ ಫಿಲ್ಮಿನಲ್ಲಿ ತೆಗೆದದ್ದು. ಮನೆಯ ಹಿರಿಯರು ಸುರಾಹಿಯ ಮೇಲೆ ಬೆಳ್ಳಿ ತಂತಿ ಕೂರಿಸುವುದು, ಕೊನೆಗೆ ಕೋಟೆಯ ಮಣ್ಣು ಹಚ್ಚಿ ಕಪ್ಪು ಬರಿಸುವುದು ಎಲ್ಲವೂ ಅದರಲ್ಲಿದೆ. ಅವರು ಈಗಿಲ್ಲ. ಅವರ ಮಗ ಕಲಬುರಗಿಗೆ ಬಂದು ನನ್ನ ಟೇಬಲ್ ಮೇಲೆ ಟೇಪ್ ಮತ್ತು ಒಂದು ಡಿವಿಡಿ ಎರಡನ್ನೂ ಇಟ್ಟರು.

"ಅಬ್ಬಾರ ಕೈ ನೋಡ್ರಿ ಸರ್, ತಂತಿ ಹ್ಯಾಂಗ್ ಕೂಡಸ್ತಾರ ಅಂತ. ನಮ್ಮ ಹುಡುಗ್ರಿಗೆ ತೋರಸ್ಬೇಕು. ಆದ್ರ ಈ ಡಿವಿಡಿದಾಗ ಸುತ್ತಗಿ ಎರಡೆರಡು ಕಾಣ್ತಾವು."

ಡಿವಿಡಿ ಯಾವುದೋ ಅಂಗಡಿಯಲ್ಲಿ ಮಾಡಿಸಿದ್ದು. ಒಂದೊಂದೇ ಫ್ರೇಮ್ ಮುಂದೆ ಸರಿಸಿ ನೋಡಿದರೆ ಅವರು ಹೇಳಿದ್ದು ನಿಜ. ಸುತ್ತಿಗೆ ಮೇಲೆ ಒಂದು, ಕೆಳಗೆ ಒಂದು, ಎರಡೂ ಅರೆಬರೆ ಪಾರದರ್ಶಕ. ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯ ಟೇಪನ್ನು ನಮ್ಮ ಪದ್ಧತಿಯಾದ ಪಾಲ್‌ನ ಡಿವಿಡಿಗೆ ಇಳಿಸುವಾಗ ಯಂತ್ರ ಅಕ್ಕಪಕ್ಕದ ಚಿತ್ರಗಳನ್ನು ಕಲಸಿಬಿಟ್ಟಿದೆ. ಹಳೆಯ ಟಿವಿಯಲ್ಲಿ ಒಂದೊಂದು ಫ್ರೇಮೂ ಗೆರೆ ಬಿಟ್ಟು ಗೆರೆ ಎರಡು ಅರ್ಧಗಳಾಗಿ ಬರುತ್ತದೆ; ಆ ಅರ್ಧಕ್ಕೆ ಫೀಲ್ಡ್ ಅನ್ನುತ್ತಾರೆ, ಈ ಹೆಣಿಗೆಗೆ ಇಂಟರ್‌ಲೇಸ್. ಸೆಕೆಂಡಿಗೆ 60 ಫೀಲ್ಡ್ ಇದ್ದದ್ದನ್ನು 50ಕ್ಕೆ ತರಬೇಕಿತ್ತು, 480 ಗೆರೆಗಳನ್ನು 576 ಮಾಡಬೇಕಿತ್ತು. ಅಗ್ಗದ ದಾರಿ ಅಂದರೆ ಕಲಸುವುದು. ಹೀಗೆ ಕಲಸಿದ್ದನ್ನು ಒಂದಷ್ಟು ಬಿಡಿಸುವ ಸ್ಕ್ರಿಪ್ಟ್‌ಗಳೂ ಇವೆ. ಆದರೆ ಟೇಪ್ ಕೈಯಲ್ಲಿರುವಾಗ ಆ ದಾರಿ ಹಿಡಿಯುವ ಅರ್ಥವಿಲ್ಲ. ಡಿವಿಡಿಯನ್ನು ಪಕ್ಕಕ್ಕಿಟ್ಟು ಟೇಪನ್ನೇ ಹೊಸದಾಗಿ ಓದಿಸುವುದು ಅಂತ ತೀರ್ಮಾನವಾಯಿತು.

ಆದರೆ ಟೇಪಿನಲ್ಲೇ ಇನ್ನೊಂದು ಕಾಯಿಲೆ ಇದೆ. ಸೆಕೆಂಡಿಗೆ 24 ಚಿತ್ರದ ಫಿಲ್ಮನ್ನು ಟಿವಿಯ ವಿಡಿಯೋ ಮಾಡುವುದಕ್ಕೆ ಟೆಲಿಸಿನಿ ಅನ್ನುತ್ತಾರೆ. ಅಮೆರಿಕದಲ್ಲಿ ಹಾಗೆ ಮಾಡುವಾಗ ಕೆಲವು ಫೀಲ್ಡ್ ಎರಡು ಸಲ ಬರುತ್ತವೆ. ಅವನ್ನು ಕಿತ್ತು ಫಿಲ್ಮಿನ ಮೂಲ ಚಿತ್ರಗಳನ್ನು ವಾಪಸ್ ತರುವುದೇ ಇನ್ವರ್ಸ್ ಟೆಲಿಸಿನಿ. ನಮ್ಮ ಕಡೆ ಹಳೆಯ ರೆಕಾರ್ಡಿಂಗ್ ಸರಿಪಡಿಸುವವರಿಗೆ ಈ ಕಾಯಿಲೆ ಅಷ್ಟಾಗಿ ಗೊತ್ತಿರುವುದಿಲ್ಲ. ಅದಕ್ಕೆ ಕಾರಣ ಇದೆ. ಕಲಬುರಗಿಗೆ 1977ರಲ್ಲೇ ದೂರದರ್ಶನ ಬಂದಿತ್ತು. ನಮ್ಮ ಮನೆಗಳಲ್ಲಿರುವ ಟೇಪುಗಳೆಲ್ಲ ಹೆಚ್ಚುಕಮ್ಮಿ ಪಾಲ್ ಪದ್ಧತಿಯವು. ಪಾಲ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್. 24ರ ಫಿಲ್ಮನ್ನು ತುಸು ಜೋರಾಗಿ, ಅಂದರೆ 25ರ ವೇಗದಲ್ಲಿ ಓಡಿಸಿಬಿಟ್ಟರೆ ಮುಗಿಯಿತು. ಒಂದು ಫಿಲ್ಮ್ ಚಿತ್ರಕ್ಕೆ ಎರಡು ಫೀಲ್ಡ್. ಯಾವ ಚಿತ್ರವೂ ಮರುಕಳಿಸುವುದಿಲ್ಲ. ಆದ್ದರಿಂದ ದೂರದರ್ಶನದಿಂದ ರೆಕಾರ್ಡ್ ಮಾಡಿದ ಸಿನಿಮಾಗೆ ಇನ್ವರ್ಸ್ ಟೆಲಿಸಿನಿ ಹಾಕಿ ಐದರಲ್ಲಿ ಒಂದು ಫ್ರೇಮ್ ಕಿತ್ತರೆ ಒಳ್ಳೆಯ ಫ್ರೇಮೇ ಹೋಗುತ್ತದೆ. ಅಲ್ಲಿ ಕೆಲವೊಮ್ಮೆ ಒಂದು ಫಿಲ್ಮ್ ಚಿತ್ರದ ಎರಡು ಫೀಲ್ಡ್ ಬೇರೆ ಬೇರೆ ಫ್ರೇಮಿಗೆ ಹಂಚಿಹೋಗಿ ಎಲ್ಲ ಫ್ರೇಮೂ ಬಾಚಣಿಗೆಯಂತೆ ಹಲ್ಲುಹಲ್ಲಾಗಿ ಕಾಣುತ್ತದೆ, ಅಷ್ಟೇ. ಜೋಡಿಯನ್ನು ಒಂದು ಫೀಲ್ಡ್ ಆಚೆಗೆ ಸರಿಸಿದರೆ ಸಾಕು, ಕೀಳುವುದೇನೂ ಇಲ್ಲ.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಸೆಕೆಂಡಿಗೆ ಸುಮಾರು 60 ಫೀಲ್ಡ್, ಸರಿಯಾಗಿ ಹೇಳಬೇಕೆಂದರೆ 59.94. ಫಿಲ್ಮ್ ಮಾತ್ರ 24. ಲೆಕ್ಕ ಕೂಡಲಿ ಅಂತ ಫಿಲ್ಮನ್ನು ಒಂಚೂರು ನಿಧಾನ ಮಾಡಿ 23.976ಕ್ಕೆ ತರುತ್ತಾರೆ. ಆಮೇಲೆ ಒಂದು ಚಿತ್ರವನ್ನು ಎರಡು ಫೀಲ್ಡಿಗೆ, ಮುಂದಿನದನ್ನು ಮೂರು ಫೀಲ್ಡಿಗೆ, ಮತ್ತೆ ಎರಡು, ಮತ್ತೆ ಮೂರು, ಹೀಗೆ ಹಂಚುತ್ತಾರೆ. ಸತತ ನಾಲ್ಕು ಫಿಲ್ಮ್ ಚಿತ್ರಗಳನ್ನು ಕ, ಖ, ಗ, ಘ ಅಂದುಕೊಳ್ಳಿ. ಅವು ಹತ್ತು ಫೀಲ್ಡ್, ಅಂದರೆ ಐದು ವಿಡಿಯೋ ಫ್ರೇಮ್ ಆಗುತ್ತವೆ:

```
ಫ್ರೇಮ್       1   2   3   4   5
ಮೇಲಿನ ಫೀಲ್ಡ್   ಕ   ಖ   ಖ   ಗ   ಘ
ಕೆಳಗಿನ ಫೀಲ್ಡ್  ಕ   ಖ   ಗ   ಘ   ಘ
```

1, 2 ಮತ್ತು 5ನೇ ಫ್ರೇಮ್ ಶುದ್ಧ. 3 ಮತ್ತು 4ರಲ್ಲಿ ಎರಡು ಬೇರೆ ಚಿತ್ರಗಳು ಗೆರೆ ಬಿಟ್ಟು ಗೆರೆ ಹೆಣೆದುಕೊಂಡಿವೆ. ಓಡುವ ವಸ್ತುವಿನ ಅಂಚಿನಲ್ಲಿ ಬಾಚಣಿಗೆ ಹಲ್ಲು ಕಾಣುವುದು ಅಲ್ಲೇ. ಖ ಚಿತ್ರದ ಮೇಲಿನ ಫೀಲ್ಡ್ ಎರಡು ಸಲ ಬಂದಿದೆ, ಘ ಚಿತ್ರದ ಕೆಳಗಿನ ಫೀಲ್ಡ್ ಎರಡು ಸಲ ಬಂದಿದೆ. ಗ ಚಿತ್ರ ಮಾತ್ರ ಒಂದೇ ಫ್ರೇಮಿನಲ್ಲಿ ಇಡಿಯಾಗಿ ಎಲ್ಲೂ ಇಲ್ಲ. ಆದರೆ ಅದರ ಎರಡೂ ಅರ್ಧಗಳು 3 ಮತ್ತು 4ರಲ್ಲಿ ಹಾಗೇ ಬಿದ್ದಿವೆ. ಅವನ್ನು ಹುಡುಕಿ ಜೋಡಿಸಿ, ಹೆಚ್ಚಾದದ್ದನ್ನು ತೆಗೆದರೆ ಫಿಲ್ಮಿನ ಮೂಲ ನಾಲ್ಕು ಚಿತ್ರಗಳು ಪೂರ್ತಿ 480 ಗೆರೆಗಳ ಸಮೇತ ವಾಪಸ್ ಬರುತ್ತವೆ. ಏನನ್ನೂ ಊಹಿಸಬೇಕಿಲ್ಲ.

ಡಿಇಂಟರ್‌ಲೇಸ್ ಮಾಡಿದರೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಹಲ್ಲು ಹೋಗುತ್ತದೆ, ನಿಜ. ಆದರೆ ಡಿಇಂಟರ್‌ಲೇಸರ್ ಚಲನೆ ಇದ್ದ ಕಡೆ ಒಂದು ಫೀಲ್ಡ್ ಇಟ್ಟುಕೊಂಡು ಇನ್ನೊಂದರ ಗೆರೆಗಳನ್ನು ತಾನೇ ಊಹಿಸಿ ತುಂಬುತ್ತದೆ. ಇದ್ದ ಗೆರೆಯನ್ನು ಎಸೆದು ಕಲ್ಪಿಸಿದ ಗೆರೆ ಇಡುವುದು. ಮರುಕಳಿಸಿದ ಚಿತ್ರಗಳಂತೂ ಹಾಗೇ ಉಳಿಯುತ್ತವೆ. ಬಿದ್ರಿ ಕೆಲಸದಲ್ಲಿ ನೋಡಬೇಕಾದದ್ದೇ ಕೂದಲೆಳೆಯಷ್ಟು ತಂತಿ. ಇಲ್ಲಿ ಅದು ಆಗದ ಮಾತು.

ಟೇಪ್ ಓದಿಸುವ ಕಡೆ ಬರೋಣ. ನಮ್ಮಲ್ಲಿ ಸಿಗುವ ಹಳೆಯ ವಿಸಿಆರ್‌ಗಳ ಮೇಲೆ "ಎನ್‌ಟಿಎಸ್‌ಸಿ ಪ್ಲೇಬ್ಯಾಕ್" ಅಂತ ಬರೆದಿರುತ್ತದೆ. ಹಾಗೆ ಬರೆದಿದ್ದರೂ ಬಹಳಷ್ಟು ಯಂತ್ರಗಳು ಹೊರಗೆ ಕೊಡುವುದು ಪಾಲ್-60 ಅನ್ನುವ ಮಿಶ್ರ ಸಿಗ್ನಲ್. ಫೀಲ್ಡ್ ಲೆಕ್ಕ 60, ಬಣ್ಣ ಮಾತ್ರ ಪಾಲ್ ರೀತಿ. ಟಿವಿಗೆ ಅದು ಒಪ್ಪುತ್ತದೆ, ಬಹಳ ಕ್ಯಾಪ್ಚರ್ ಕಾರ್ಡುಗಳಿಗೆ ಒಪ್ಪುವುದಿಲ್ಲ. ಕಪ್ಪು ಬಿಳುಪು ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ನಿಜವಾದ ಎನ್‌ಟಿಎಸ್‌ಸಿ ಹೊರಬಿಡುವ ಮಲ್ಟಿಸಿಸ್ಟಮ್ ಯಂತ್ರ ಹೈದರಾಬಾದಿನ ಪರಿಚಯದವರ ಹತ್ತಿರ ಇತ್ತು, ತರಿಸಿಕೊಂಡೆ. ಅಲ್ಲಿಂದ ಒಂದು ಹಳೆಯ ಡಿವಿಡಿ ರೆಕಾರ್ಡರ್ ಮೂಲಕ ಹಾಯಿಸಿ ಕ್ಯಾಪ್ಚರ್ ಮಾಡಿದೆ. ರೆಕಾರ್ಡರ್ ಇಟ್ಟಿದ್ದು ರೆಕಾರ್ಡ್ ಮಾಡುವುದಕ್ಕಲ್ಲ. ವಿಎಚ್‌ಎಸ್‌ನಲ್ಲಿ ಒಂದೊಂದು ಗೆರೆಯೂ ಎಡಕ್ಕೆ ಬಲಕ್ಕೆ ಅಲ್ಲಾಡುತ್ತದೆ. ಇಂಥ ಕೆಲವು ರೆಕಾರ್ಡರ್‌ಗಳ ಒಳಗಿನ ಸರ್ಕ್ಯೂಟ್ ಅದನ್ನು ನೆಟ್ಟಗೆ ಮಾಡಿ ಕೊಡುತ್ತದೆ. ಗೆರೆಗಳು ಅಲ್ಲಾಡುತ್ತಿದ್ದರೆ ಚಲನೆಯೇ ಇಲ್ಲದ ಕಡೆಯೂ ಅಂಚುಗಳು ಹಲ್ಲಾಗುತ್ತವೆ, ಮುಂದಿನ ಪತ್ತೆ ಕೆಲಸ ಪೂರಾ ಕೆಡುತ್ತದೆ. ಆದರೆ ರೆಕಾರ್ಡರ್‌ನಲ್ಲಾಗಲಿ ವಿಸಿಆರ್‌ನಲ್ಲಾಗಲಿ ನಾಯ್ಸ್ ಕಡಿಮೆ ಮಾಡುವ ಬಟನ್ ಇದ್ದರೆ ಆಫ್ ಇರಬೇಕು. ಅದು ಹಿಂದಿನ ಚಿತ್ರವನ್ನು ಇಂದಿನದಕ್ಕೆ ಬೆರೆಸಿಯೇ ನಾಯ್ಸ್ ಇಳಿಸುವುದು. ಖ ಮತ್ತು ಗ ಒಮ್ಮೆ ಬೆರೆತರೆ ಆಮೇಲೆ ಯಾವ ಜೋಡಣೆಯೂ ಅವನ್ನು ಬೇರೆ ಮಾಡದು.

ಕ್ಯಾಪ್ಚರ್ 720×480, ಏನನ್ನೂ ಕಳೆಯದ ಹಫ್‌ವೈಯುವಿ ಕೋಡೆಕ್, ಇಂಟರ್‌ಲೇಸ್ ಹಾಗೇ. ಕ್ಯಾಪ್ಚರ್ ತಂತ್ರಾಂಶದ ಮೂಲೆಯಲ್ಲಿ ಎಷ್ಟು ಫ್ರೇಮ್ ಬಿಟ್ಟಿತು, ಎಷ್ಟು ಸೇರಿಸಿತು ಅಂತ ಲೆಕ್ಕ ತೋರಿಸುತ್ತದೆ. ಬೇರೆ ಟೇಪಿಗಾದರೆ ಒಂದೆರಡು ಇದ್ದರೂ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಸೊನ್ನೆಯೇ ಬೇಕು. ಒಂದು ಫ್ರೇಮ್ ಬಿಟ್ಟುಹೋದರೆ ಎರಡು-ಮೂರರ ತಾಳ ಅಲ್ಲಿಂದ ಮುಂದಕ್ಕೆ ಸರಿಯುತ್ತದೆ. ತಂತ್ರಾಂಶ ತಾನಾಗಿ ಒಂದು ಸೇರಿಸಿದರೆ ಆ ಐದರ ಗುಂಪಿನಲ್ಲಿ ಎರಡು ನಕಲು ಬಂದು, ಒಂದು ಹೋಗಿ ಇನ್ನೊಂದು ಉಳಿಯುತ್ತದೆ. ಟೇಪಿನ ಶುರುವಿನಲ್ಲಿ ಸುಕ್ಕು ಇದ್ದ ಕಡೆ ಹೀಗಾಯಿತು. ಆ ಭಾಗ ಮಾತ್ರ ಇನ್ನೊಮ್ಮೆ ಓದಿಸಿ ಸೇರಿಸಿದೆ. ಕರೆಂಟ್ ಹೋದದ್ದರ ಬಗ್ಗೆ ಬರೆಯುವುದಿಲ್ಲ, ಏಪ್ರಿಲ್‌ನಲ್ಲಿ ಕಲಬುರಗಿಯಲ್ಲಿ ಕೂತು ಕೆಲಸ ಮಾಡಿದವರಿಗೆ ಗೊತ್ತೇ ಇದೆ.

ಈಗ ಟೇಪಿನಲ್ಲಿ ನಿಜಕ್ಕೂ ಎರಡು-ಮೂರರ ತಾಳ ಇದೆಯೋ ಇಲ್ಲವೋ ನೋಡಬೇಕು. ಇದಕ್ಕೆ ಸುತ್ತಿಗೆಯ ಶಾಟ್‌ಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಕೆತ್ತಿದ ಸಣ್ಣ ಕಾಲುವೆಯಲ್ಲಿ ತಂತಿ ಇಟ್ಟು ಪುಟ್ಟ ಸುತ್ತಿಗೆಯಿಂದ ಟಕಟಕ ಹೊಡೆಯುತ್ತಾರೆ. ಸ್ಕ್ರಿಪ್ಟ್ ಬರೆದು ವಿಡಿಯೋ ತಿದ್ದುವ ಎವಿಸಿಂತ್ ತಂತ್ರಾಂಶದಲ್ಲಿ ಫೀಲ್ಡುಗಳನ್ನು ಬೇರ್ಪಡಿಸಿ ಒಂದೊಂದಾಗಿ ಮುಂದೆ ಸರಿಸಿದೆ.

```
AviSource("bidri.avi")
AssumeTFF()
SeparateFields()
```

ಸುತ್ತಿಗೆ ತಲೆ ಒಂದು ಎತ್ತರದಲ್ಲಿ ಎರಡು ಫೀಲ್ಡ್ ನಿಂತಿತು. ಇಳಿಯಿತು. ಅಲ್ಲಿ ಮೂರು ಫೀಲ್ಡ್ ನಿಂತಿತು. ಮತ್ತೆ ಇಳಿದು ಎರಡು. ತಂತಿಗೆ ತಾಗಿ ಮೂರು. ಇದೇ ತಾಳ. ಫೀಲ್ಡ್ ಕ್ರಮ ತಪ್ಪಾಗಿದ್ದರೆ ಸುತ್ತಿಗೆ ಇಳಿಯುತ್ತಾ ಇಳಿಯುತ್ತಾ ಒಮ್ಮೆ ಹಿಂದಕ್ಕೆ ಎಗರಿ ಮತ್ತೆ ಮುಂದೆ ಬರುತ್ತದೆ. ಆಗ `AssumeBFF()` ಹಾಕಿ ನೋಡಬೇಕು. ಡಿವಿ ಕ್ಯಾಮೆರಾ ಮೂಲಕ ಕ್ಯಾಪ್ಚರ್ ಮಾಡಿದವರಿಗೆ ಸಾಮಾನ್ಯವಾಗಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ, ನನ್ನ ಕಾರ್ಡಿನಲ್ಲಿ ಮೇಲಿನದು.

ಅದೇ ರೀತಿ ಇಡೀ ಕಾರ್ಯಕ್ರಮ ಓಡಿಸಿದಾಗ ಇನ್ನೆರಡು ಬಗೆಯ ತುಣುಕು ಸಿಕ್ಕವು. ಸ್ಟುಡಿಯೋದಲ್ಲಿ ಕೂತು ಮಾತಾಡುವ ನಿರೂಪಕಿ ವಿಡಿಯೋ ಕ್ಯಾಮೆರಾದ್ದು. ಅಲ್ಲಿ ಪ್ರತಿ ಫೀಲ್ಡೂ ಹೊಸದು, ಯಾವುದೂ ಮರುಕಳಿಸುವುದಿಲ್ಲ. ಬೀದರ್ ಭಾಗದ ನಡುವೆ ಭಾರತದ ನಕ್ಷೆ ಹಿಗ್ಗಿ ಬರುವ ಎಂಟು ಸೆಕೆಂಡಿನ ಗ್ರಾಫಿಕ್ಸ್ ಇದೆ, ಅದೂ ಹಾಗೇ. ಇಡೀ ಟೇಪನ್ನು ಒಂದೇ ಏಟಿಗೆ ಫಿಲ್ಟರ್‌ಗೆ ಕೊಟ್ಟಿದ್ದರೆ ಈ ತುಣುಕುಗಳಲ್ಲಿ ಸೆಕೆಂಡಿಗೆ ಆರು ಸಲ ನಿಜವಾದ ಫ್ರೇಮ್ ಹೋಗಿ ಜರ್ಕ್ ಹೊಡೆಯುತ್ತಿತ್ತು. ಅದಕ್ಕೇ ಮೊದಲು ಕತ್ತರಿಸಿದೆ. ನಕ್ಷೆ ಸಮೇತ ಬೀದರ್ ಭಾಗ ಸರಿಯಾಗಿ 19,780 ಫ್ರೇಮ್.

ಫೀಲ್ಡ್ ಜೋಡಿಸುವುದಕ್ಕೆ ನಾನು ಬಳಸುವುದು ಟಿಐವಿಟಿಸಿ ಅನ್ನುವ ಪ್ಲಗಿನ್. ಅದರಲ್ಲಿ `TFM` ಜೋಡಿಸುತ್ತದೆ, `TDecimate` ನಕಲು ಕೀಳುತ್ತದೆ. ತಾಳವನ್ನು ಒಮ್ಮೆ ಕೇಳಿಸಿಕೊಂಡು ಕೊನೆಯವರೆಗೂ ಕಣ್ಣುಮುಚ್ಚಿ ಅದನ್ನೇ ಹಾಕುವ ಫಿಲ್ಟರ್‌ಗಳೂ ಇವೆ. ಈ ಟೇಪಿಗೆ ಅವು ನಡೆಯುವುದಿಲ್ಲ. ಫಿಲ್ಮನ್ನು ಮೊದಲು ವಿಡಿಯೋ ಮಾಡಿಕೊಂಡು, ಆಮೇಲೆ ವಿಡಿಯೋದಲ್ಲೇ ಎಡಿಟ್ ಮಾಡಿದ್ದಾರೆ. ಪ್ರತಿ ಕಟ್‌ನಲ್ಲೂ ತಾಳ ಎಲ್ಲೋ ಮುರಿದು ಎಲ್ಲಿಂದಲೋ ಶುರುವಾಗುತ್ತದೆ. `TFM` ತಾಳವನ್ನು ನಂಬುವುದಿಲ್ಲ. ಪ್ರತಿ ಫ್ರೇಮಿಗೂ ಹಿಂದಿನ ಫ್ರೇಮಿನ ಫೀಲ್ಡ್ ಹಾಕಿ ನೋಡುತ್ತದೆ, ತನ್ನದೇ ಹಾಕಿ ನೋಡುತ್ತದೆ, ಯಾವುದರಲ್ಲಿ ಹಲ್ಲು ಕಡಿಮೆಯೋ ಅದನ್ನು ಇಟ್ಟುಕೊಳ್ಳುತ್ತದೆ.

ಮೊದಲ ಸಲ ಓಡಿಸಿದಾಗ ಸುತ್ತಿಗೆ ಶಾಟ್ ಅದ್ಭುತವಾಗಿ ಬಂತು. ಒಂದೂ ಹಲ್ಲಿಲ್ಲ, ಸುತ್ತಿಗೆ ಒಂದೇ. ತೊಂದರೆ ಕಂಡದ್ದು ನಾನು ನಿರೀಕ್ಷಿಸದ ಕಡೆ. ಮುಗಿದ ಸುರಾಹಿಯನ್ನು ಬೆಳಕಿಗೆ ಹಿಡಿದು ನಿಧಾನಕ್ಕೆ ತಿರುಗಿಸುವ ಶಾಟ್. ಸುರಾಹಿಯ ಕತ್ತಿನ ಸುತ್ತ ತಾರ್‌ಕಶಿಯ, ಅಂದರೆ ಕೂರಿಸಿದ ಬೆಳ್ಳಿ ತಂತಿಯ ತೆಳು ಉಂಗುರಗಳು, ಒಂದರ ಕೆಳಗೊಂದು. ಆ ಗೆರೆಗಳು ಕೆಲವು ಫ್ರೇಮುಗಳಲ್ಲಿ ಚೂಪಾಗಿ, ಕೆಲವು ಫ್ರೇಮುಗಳಲ್ಲಿ ಬೂದಿ ಬಳಿದಂತೆ ಮಂಕಾಗಿ ಬರುತ್ತಿದ್ದವು. ಓಡಿಸಿದರೆ ಕತ್ತಿನ ಭಾಗ ಮಿಣಮಿಣ ಅನ್ನುತ್ತಿತ್ತು.

ಕಾರಣ ಹೀಗೆ. `TFM` ಜೋಡಿಸಿದ ಮೇಲೂ ಹಲ್ಲು ಉಳಿದಿದೆಯಾ ಅಂತ ಕೊನೆಗೊಮ್ಮೆ ಪರೀಕ್ಷಿಸುತ್ತದೆ. ಉಳಿದಿದ್ದರೆ ಆ ಫ್ರೇಮನ್ನು ಡಿಇಂಟರ್‌ಲೇಸ್ ಮಾಡುತ್ತದೆ. ಹಲ್ಲು ಅಂದರೆ ಅದರ ಕಣ್ಣಿಗೆ ಏನು? ಒಂದು ಗೆರೆ ಬೆಳ್ಳಗೆ, ಮುಂದಿನದು ಕಪ್ಪಗೆ, ಮತ್ತೆ ಬೆಳ್ಳಗೆ. ಬಿದ್ರಿ ಸುರಾಹಿಯ ಕತ್ತು ಇರುವುದೇ ಹಾಗೆ. ಕಪ್ಪು ಲೋಹ, ಬಿಳಿ ಬೆಳ್ಳಿ, ಅಡ್ಡಗೆರೆ. ವಿಎಚ್‌ಎಸ್‌ನಲ್ಲಿ ಇಷ್ಟು ಸಣ್ಣ ಗೆರೆ ಉಳಿದಿರುತ್ತದಾ ಅಂತ ಅನುಮಾನ ಬರಬಹುದು. ವಿಎಚ್‌ಎಸ್ ಕಳೆದುಕೊಳ್ಳುವುದು ಅಡ್ಡಕ್ಕಿರುವ ವಿವರ. ಒಂದೊಂದು ಗೆರೆಯ ಉದ್ದಕ್ಕೂ ಚಿತ್ರ ಸವೆದು ಹೋಗಿರುತ್ತದೆ, ಹಾಗಾಗಿ ನಿಂತ ತಂತಿಗಳು ಕಲಸಿಹೋಗುತ್ತವೆ. ಆದರೆ ಮೇಲಿನಿಂದ ಕೆಳಗಿನವರೆಗೆ ಎಲ್ಲ ಗೆರೆಗಳೂ ಟೇಪಿನಲ್ಲಿ ಬೇರೆ ಬೇರೆಯಾಗಿಯೇ ಇರುತ್ತವೆ. ಮಲಗಿದ ತಂತಿ ಅಲ್ಲಿ ಉಳಿಯುತ್ತದೆ. ಇಡೀ ಟೇಪಿನಲ್ಲಿ ಅತಿ ಹೆಚ್ಚು ವಿವರ ಉಳಿದಿದ್ದ ಜಾಗವನ್ನೇ ಫಿಲ್ಟರ್ ದೋಷ ಅಂತ ಹಿಡಿದು ಅಳಿಸುತ್ತಿತ್ತು!

ಯಾವ ಫ್ರೇಮನ್ನು ಯಾಕೆ ಹಿಡಿಯಿತು ಅಂತ ತಿಳಿಯಲು `PP=1, display=true` ಹಾಕಿದೆ. ಆಗ ಅದು ಏನನ್ನೂ ತಿದ್ದುವುದಿಲ್ಲ, ಅನುಮಾನ ಬಂದ ಫ್ರೇಮನ್ನು ಗುರುತು ಮಾಡಿ ಪರದೆ ಮೇಲೆ ಅಂಕಿ ಬರೆಯುತ್ತದೆ. ಅಂಕಿ ಅಂದರೆ 16×16ರ ಒಂದು ಚೌಕದಲ್ಲಿ ಎಷ್ಟು ಬಿಂದುಗಳು ಹಲ್ಲಿನಂತೆ ಕಂಡವು ಅಂತ. 80 ದಾಟಿದರೆ ಫ್ರೇಮ್ ಕೆಟ್ಟದ್ದು ಅನ್ನುವುದು ಅದರ ಮೂಲ ಲೆಕ್ಕ. ಸುರಾಹಿ ಶಾಟ್‌ನಲ್ಲಿ ಈ ಅಂಕಿ 70ರಿಂದ 130ರ ನಡುವೆ ಆಡುತ್ತಿತ್ತು. ಸುರಾಹಿ ತಿರುಗಿದಂತೆ ಗೆರೆಗಳ ಹೊಳಪು ಏರಿಳಿಯುತ್ತಿತ್ತಲ್ಲ, ಅದಕ್ಕೇ ಒಮ್ಮೆ ಗಡಿಯೊಳಗೆ ಒಮ್ಮೆ ಹೊರಗೆ.

ಹಾಗಾದರೆ ಗಡಿಯನ್ನು 150ಕ್ಕೆ ಏರಿಸಿದರೆ ಸಾಕಲ್ಲ ಅನ್ನಿಸುತ್ತದೆ. ಸಾಲದು. ಕಟ್ ಆದ ಜಾಗದಲ್ಲಿ ನಿಜವಾಗಿಯೂ ಕೆಟ್ಟ ಫ್ರೇಮುಗಳಿದ್ದವು. ಎಡಿಟರ್ ಕತ್ತರಿಸಿದ್ದು ಒಂದು ಫಿಲ್ಮ್ ಚಿತ್ರದ ಎರಡು ಫೀಲ್ಡುಗಳ ನಡುವೆ ಬಿದ್ದಿದ್ದರೆ, ಒಂದು ಅರ್ಧ ಉಳಿದು ಅದರ ಜೋಡಿ ಶಾಶ್ವತವಾಗಿ ಹೋಗಿರುತ್ತದೆ. ಅಂಥ ಒಂಟಿ ಫೀಲ್ಡನ್ನು ಡಿಇಂಟರ್‌ಲೇಸ್ ಮಾಡದೆ ಗತಿಯಿಲ್ಲ. ಹತ್ತಿರದಿಂದ ತೆಗೆದ ಕೈಯ ಶಾಟ್‌ಗಳಲ್ಲಿ ಅದರ ಅಂಕಿ 200 ದಾಟುತ್ತಿತ್ತು. ಆದರೆ ಅಂಗಡಿಯ ಮೂಲೆಯಿಂದ ದೂರಕ್ಕೆ ತೆಗೆದ ಶಾಟ್‌ನಲ್ಲಿ ಅಲುಗುವುದು ಸುತ್ತಿಗೆ ಒಂದೇ, ಅದೂ ಚಿಕ್ಕದು. ಅಲ್ಲಿ ಒಂಟಿ ಫೀಲ್ಡಿನ ಅಂಕಿ ಬರೀ 90. ಅಂದರೆ ಕೆಟ್ಟ ಫ್ರೇಮ್ 90, ಒಳ್ಳೆಯ ಸುರಾಹಿ 130. ಯಾವ ಒಂದು ಗಡಿ ಹಾಕಿದರೂ ಇವೆರಡನ್ನು ಬೇರ್ಪಡಿಸಲಾಗದು. ಇಲ್ಲಿ ಕಣ್ಣೇ ಬೇಕು.

ಹಾಗಾಗಿ ಗಡಿಯನ್ನು 80ರಲ್ಲೇ ಬಿಟ್ಟೆ. ಗುರುತಾದ ಫ್ರೇಮುಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಗುರುತು ಬಿದ್ದ ಫ್ರೇಮಿನ ಹಿಂದಿನದು, ಮುಂದಿನದು ನೋಡಿದರೆ ಗೊತ್ತಾಗಿಬಿಡುತ್ತದೆ. ಬೆಳ್ಳಿಯ ಗೆರೆ ಮೂರರಲ್ಲೂ ಅದೇ ಜಾಗದಲ್ಲಿರುತ್ತದೆ. ನಿಜವಾದ ಹಲ್ಲು ಒಂದರಲ್ಲಿ ಬಂದು ಮುಂದಿನದರಲ್ಲಿ ಮಾಯ. ಸುರಾಹಿಯ ಶಾಟ್‌ಗಳ ಮೊದಲ ಮತ್ತು ಕೊನೆಯ ಫ್ರೇಮ್ ಸಂಖ್ಯೆ ಬರೆದುಕೊಂಡು, ಒಂದು ಪಠ್ಯ ಫೈಲಿನಲ್ಲಿ ಅವುಗಳ ನಂತರ ಮೈನಸ್ ಗುರುತು ಹಾಕಿದೆ. "ಇಲ್ಲಿ ಹಲ್ಲಿಲ್ಲ, ಮುಟ್ಟಬೇಡ" ಅಂತ ಅದರ ಅರ್ಥ. ಆಮೇಲೆ ಕೊನೆಯ ಸ್ಕ್ರಿಪ್ಟ್:

```
src  = AviSource("bidri_film.avi").AssumeTFF()
soft = src.nnedi3(field=1)
m    = src.TFM(order=1, PP=6, clip2=soft, ovr="bidri_ovr.txt")
m.TDecimate(mode=1, denoise=true)
```

ಎರಡನೇ ಸಾಲು ಒಂಟಿ ಫೀಲ್ಡುಗಳಿಗೆ. `TFM` ತನ್ನದೇ ಡಿಇಂಟರ್‌ಲೇಸರ್ ಬಳಸುವ ಬದಲು ಅಲ್ಲಿಂದ ಫ್ರೇಮ್ ತೆಗೆದುಕೊಳ್ಳುತ್ತದೆ. ಗೆರೆ ತುಂಬುವುದರಲ್ಲಿ `nnedi3` ಜಾಸ್ತಿ ನಾಜೂಕು.

ಕೊನೆಯ ಸಾಲಿನ `denoise=true` ನೋಡಿ ಕೆಲವರು ಗಾಬರಿಯಾಗಬಹುದು. ಅದು ಚಿತ್ರವನ್ನು ನುಣುಪು ಮಾಡುವುದಿಲ್ಲ. ಯಾವುದು ನಕಲು ಅಂತ ತೀರ್ಮಾನಿಸುವಾಗ ಮಾತ್ರ ನುಣುಪು ಮಾಡಿದ ಪ್ರತಿಯನ್ನು ನೋಡುತ್ತದೆ. ಅದರ ಅಗತ್ಯ ಯಾಕೆ ಬಂತು ಅಂದರೆ, ಟಿವಿ ಕೇಂದ್ರದಿಂದ ಹೊರಟಾಗ ಖ ಚಿತ್ರದ ಮೇಲಿನ ಫೀಲ್ಡಿನ ಎರಡು ಪ್ರತಿಗಳೂ ತದ್ರೂಪ. ಆದರೆ ಟೇಪಿನ ಮೇಲೆ ಅವು ಬೇರೆ ಬೇರೆ ಜಾಗದಲ್ಲಿ ಬರೆಯಲ್ಪಟ್ಟಿವೆ. ಟೇಪಿನ ಕಾಳುಕಾಳು ನಾಯ್ಸ್ ಎರಡರಲ್ಲೂ ಬೇರೆ. ಸುರಾಹಿ ನಿಧಾನಕ್ಕೆ ತಿರುಗುವಾಗ ಒಂದು ಫಿಲ್ಮ್ ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸ ಈ ನಾಯ್ಸ್‌ಗಿಂತ ಕಡಿಮೆ. ಫಿಲ್ಟರ್ ಎಡವಿ ನಿಜವಾದ ಫ್ರೇಮನ್ನೇ ಕಿತ್ತು ನಕಲನ್ನು ಬಿಡುತ್ತದೆ.

ಒಂದು ಅಡ್ಡಮಾತು. ಒಂದೇ ಫೀಲ್ಡ್ ಎರಡು ಸಲ ಬೇರೆ ನಾಯ್ಸ್‌ನೊಂದಿಗೆ ಸಿಕ್ಕರೆ, ಎರಡರ ಸರಾಸರಿ ತೆಗೆದು ಆ ಫೀಲ್ಡಿನ ನಾಯ್ಸನ್ನು ಶೇ 30ರಷ್ಟು ಇಳಿಸಬಹುದಲ್ವಾ? ಇಳಿಸಬಹುದು. ಆದರೆ ಖ ಚಿತ್ರದ ಮೇಲಿನ ಅರ್ಧ, ಘ ಚಿತ್ರದ ಕೆಳಗಿನ ಅರ್ಧ ಮಾತ್ರ ಚೊಕ್ಕಟವಾಗಿ, ಉಳಿದವು ಹಾಗೇ ಇದ್ದರೆ ಕಾಳು ಒಂದು ವಿಚಿತ್ರ ಲಯದಲ್ಲಿ ಮಿಡಿಯತೊಡಗುತ್ತದೆ. ನನಗೆ ಅದು ಇಷ್ಟವಿಲ್ಲ.

ಸರಿಯಾದ ಫ್ರೇಮ್ ಹೋಯಿತೋ ಇಲ್ಲವೋ ಅಂತ ಪರೀಕ್ಷಿಸಲು ಮಹಮೂದ್ ಗಾವಾನನ ಮದರಸಾ ಸಹಾಯಕ್ಕೆ ಬಂತು. 1472ರ ಆ ಕಟ್ಟಡದ ಮುಂಭಾಗದ ಮೇಲೆ ಕ್ಯಾಮೆರಾ ಎಡದಿಂದ ಬಲಕ್ಕೆ ನಿಧಾನಕ್ಕೆ ಸಾಗುತ್ತದೆ. ಉಳಿದಿರುವ ಮಿನಾರಿನ ಅಂಚು ಪರದೆಯ ಮೇಲೆ ಒಂದೇ ವೇಗದಲ್ಲಿ ಸರಿಯಬೇಕು. ಮೂಲ ಟೇಪಿನಲ್ಲಿ ಎರಡು-ಮೂರರಿಂದಾಗಿ ಅದು ಕುಂಟುತ್ತಾ ಸಾಗುತ್ತದೆ. ಕಿತ್ತ ಮೇಲೆ ಪ್ರತಿ ಫ್ರೇಮಿನಲ್ಲೂ ಅಂಚು ಎಷ್ಟು ಬಿಂದು ಸರಿಯಿತು ಅಂತ ಅಳೆದೆ. 4, 4, 4, 4 ಹೀಗೆ ಬರುತ್ತಿತ್ತು. ಎಲ್ಲಾದರೂ 8 ಬಂದರೆ ನಿಜವಾದ ಫ್ರೇಮ್ ಹೋಗಿದೆ ಅಂತ, 0 ಬಂದರೆ ನಕಲು ಉಳಿದಿದೆ ಅಂತ. ಸಾಮಾನ್ಯವಾಗಿ ಎರಡೂ ಜೊತೆಜೊತೆಗೇ ಸಿಗುತ್ತವೆ, ಒಂದು ತಪ್ಪಿನ ಎರಡು ಮುಖ ಅವು. `denoise` ಇಲ್ಲದೆ ಓಡಿಸಿದಾಗ ಕಟ್ ಆದ ತಕ್ಷಣದ ಗುಂಪುಗಳಲ್ಲಿ ಹೀಗೆ ಸಿಕ್ಕಿದ್ದವು. ಹಾಕಿದ ಮೇಲೆ ಒಂದು ಕಡೆ ಮಾತ್ರ ಉಳಿಯಿತು. ಅದನ್ನು ಕೈಯಿಂದ ಸರಿಮಾಡಿದೆ.

ಬಗ್ಗದೇ ಉಳಿದದ್ದು ಡಿಸಾಲ್ವ್‌ಗಳು. ಕುಲುಮೆಯ ಬೆಂಕಿ ಕರಗಿ ಕೋಟೆಯ ಗೋಡೆ ಮೂಡುವ ಒಂದು ಸೆಕೆಂಡ್. ವಿಡಿಯೋದಲ್ಲಿ ಮಾಡಿದ ಡಿಸಾಲ್ವ್ ಇದು. ಬೆಂಕಿಯ ಶಾಟ್‌ನ ತಾಳ ಒಂದು, ಗೋಡೆಯ ಶಾಟ್‌ನ ತಾಳ ಇನ್ನೊಂದು. ಬೆಂಕಿಗೆ ಸರಿಹೊಂದುವ ಜೋಡಿ ಹಾಕಿದರೆ ಗೋಡೆಗೆ ಹಲ್ಲು, ಗೋಡೆಗೆ ಹಾಕಿದರೆ ಬೆಂಕಿಗೆ. ಅದರ ಮೇಲೆ ಪ್ರತಿ ಫೀಲ್ಡಿನಲ್ಲೂ ಹೊಳಪು ಬೇರೆ. ಆ ಜಾಗದಲ್ಲಿ ಇಡಿಯಾದ ಫಿಲ್ಮ್ ಚಿತ್ರ ಅನ್ನುವುದೇ ಇಲ್ಲ, ಹುಡುಕಿದರೂ ಸಿಗುವುದಿಲ್ಲ. ಅಂಥ ಕಡೆ ಪೂರ್ತಿ ಡಿಇಂಟರ್‌ಲೇಸ್ ಮಾಡಿಬಿಟ್ಟೆ. ಮೈನಸ್ ಬದಲು ಪ್ಲಸ್ ಗುರುತು. ಕೊನೆಯಲ್ಲಿ ಕುಶಲಕರ್ಮಿಗಳ ಹೆಸರು ಫಿಲ್ಮಿನ ಮೇಲೆ ಉರುಳುತ್ತಾ ಹೋಗುತ್ತದೆ. ಅಕ್ಷರ 60ರ ವೇಗದ್ದು, ಹಿಂದಿನ ಚಿತ್ರ 24ರದ್ದು. ಅಲ್ಲಿ ಅಕ್ಷರದ ಪರ ನಿಂತೆ. ಟೇಪ್ ತಂದವರ ಅಪ್ಪನ ಹೆಸರು ಓದಲು ಬರಬೇಕು ತಾನೆ. ಆ ತುಣುಕನ್ನು 59.94 ಫ್ರೇಮಿನ ವಿಡಿಯೋವಾಗಿ ಬೇರೆಯೇ ಇಟ್ಟೆ. ನಿರೂಪಕಿಯ ಭಾಗವೂ ಹಾಗೇ. ನಕ್ಷೆಯ ಎಂಟು ಸೆಕೆಂಡನ್ನು ಮಾತ್ರ ಡಿಇಂಟರ್‌ಲೇಸ್ ಮಾಡಿ ಮುಖ್ಯ ಫೈಲಿನ ಒಳಗೇ ಬಿಟ್ಟೆ. ಸ್ವಲ್ಪ ಜರ್ಕ್ ಇದೆ, ಇರಲಿ. ನಕ್ಷೆ ನೋಡಲು ಯಾರೂ ಇದನ್ನು ಹಾಕುವುದಿಲ್ಲ.

19,780 ಫ್ರೇಮ್ 15,824 ಆಯಿತು. ಸೆಕೆಂಡಿಗೆ 29.97 ಇದ್ದದ್ದು 23.976 ಆಗುವುದರಿಂದ ಅವಧಿ ಅದೇ 11 ನಿಮಿಷ. ಧ್ವನಿಯನ್ನು ಮುಟ್ಟುವ ಅಗತ್ಯವೇ ಇಲ್ಲ. ಸುತ್ತಿಗೆ ಬಡಿದ ಸದ್ದು ಬಡಿದ ಫ್ರೇಮಿನಲ್ಲೇ ಕೂರುತ್ತದೆ. ಕೂರದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ ಎಂದೇ ಅರ್ಥ. ಈ ಶಾಟ್ ಅದಕ್ಕೂ ಒಳ್ಳೆಯ ಪರೀಕ್ಷೆ.

ಇದೆಲ್ಲ ಆದ ಮೇಲೇ ನಾಯ್ಸ್ ತೆಗೆಯುವುದು, ಬಣ್ಣ ಸರಿಮಾಡುವುದು, ಅಂಚು ಕತ್ತರಿಸುವುದು, ದೊಡ್ಡದು ಮಾಡುವುದು. ಕ್ರಮ ಅದಲುಬದಲಾದರೆ ಏನಾಗುತ್ತದೆ ಅಂತ ಒಂದು ನಿಮಿಷದ ತುಣುಕಿನಲ್ಲಿ ಮಾಡಿ ಟೇಪ್ ತಂದವರಿಗೆ ತೋರಿಸಿದೆ. ಮೊದಲೇ ನಾಯ್ಸ್ ತೆಗೆದಿದ್ದರಲ್ಲಿ ಫಿಲ್ಟರ್ 3 ಮತ್ತು 4ನೇ ಫ್ರೇಮಿನ ಹಲ್ಲುಗಳನ್ನು ಪಕ್ಕದ ಫ್ರೇಮುಗಳಿಗೆಲ್ಲ ಹರಡಿತ್ತು. ಮೊದಲೇ ದೊಡ್ಡದು ಮಾಡಿದ್ದರಲ್ಲಿ ಎರಡು ಫೀಲ್ಡಿನ ಗೆರೆಗಳು ಒಂದಕ್ಕೊಂದು ಬೆರೆತು, ಅಂಗಡಿಯವರ ಡಿವಿಡಿಯಂತೆ ಸುತ್ತಿಗೆ ಮತ್ತೆ ಎರಡಾಗಿತ್ತು. ಮೇಲಿನಿಂದ ಒಂದೇ ಒಂದು ಗೆರೆ ಕತ್ತರಿಸಿದರೂ ಮೇಲಿನ ಫೀಲ್ಡ್ ಕೆಳಗಿನದಾಗಿ, ಕೆಳಗಿನದು ಮೇಲಿನದಾಗಿ ಫೀಲ್ಡ್ ಕ್ರಮವೇ ತಿರುಗುತ್ತದೆ. ಟೇಪಿನ ಕೆಳಅಂಚಿನಲ್ಲಿ ಬರುವ ಹರಿದ ಪಟ್ಟಿಯನ್ನು ಕತ್ತರಿಸಲು ಕೈ ತುರಿಸುತ್ತದೆ, ಆದರೂ ಕಾಯಬೇಕು.

ಫೈಲ್ ಕೊಡುವಾಗ ಅವರು ಕೇಳಿದರು: "ನಮ್ಮ ಟಿವಿ 25ರದ್ದು ಅಂತಾರಲ್ಲ ಸರ್, ಇದು ನಡೀತದೇನು?"

"ನಡೀತದ್ರಿ. ಈಗಿನ ಟಿವಿ, ಮೊಬೈಲ್ ಎಲ್ಲಾ 23.976 ಹಂಗೇ ಓಡಸ್ತಾವ."

25ಕ್ಕೆ ಏರಿಸಿದ್ದರೆ 660 ಸೆಕೆಂಡ್ 633ಕ್ಕೆ ಇಳಿಯುತ್ತಿತ್ತು, ಅವರ ತಂದೆಯ ದನಿ ಕಿವಿಗೆ ಗೊತ್ತಾಗುವಷ್ಟು ತೆಳ್ಳಗಾಗುತ್ತಿತ್ತು. ಅದರ ಅಗತ್ಯ ಇರಲಿಲ್ಲ. ಹಾರ್ಡ್‌ಡಿಸ್ಕಿನಲ್ಲಿ ಫಿಲ್ಮ್ ಭಾಗದ, ಏನನ್ನೂ ಕಳೆಯದ ಎಫ್‌ಎಫ್‌ವಿ1 ಫೈಲ್, 59.94ರ ಎರಡು ತುಣುಕು, ನೋಡುವುದಕ್ಕೆ ಒಂದು ಎಂಪಿ4 ಹಾಕಿಕೊಟ್ಟೆ. ಮುಟ್ಟದ ಮೂಲ ಕ್ಯಾಪ್ಚರ್, ಸ್ಕ್ರಿಪ್ಟ್, ಪ್ಲಸ್ ಮೈನಸ್ ಗುರುತಿನ ಪಠ್ಯ ಫೈಲ್ ಕೂಡ ಅದರಲ್ಲೇ ಇವೆ. ಡಿಸಾಲ್ವ್‌ಗಳನ್ನು ಇದಕ್ಕಿಂತ ಚೆನ್ನಾಗಿ ಬಿಡಿಸುವ ಫಿಲ್ಟರ್ ಯಾರಾದರೂ ಬರೆದರೆ ಅಲ್ಲಿಂದಲೇ ಮತ್ತೆ ಶುರು ಮಾಡಬಹುದು.